ಒಂದೇ ಕಡತದಲ್ಲಿ ಮೂರು ಆರ್‌ಎ: ವೈದ್ಯರ ಕೈಬರಹ ಬಿಡಿಸಿ ಬರೆಯುವ ಕೆಲಸ

(ಆಸ್ಪತ್ರೆಯ ದಾಖಲೆ ಕೆಲಸಕ್ಕೆ ಹೊಸದಾಗಿ ಸೇರಿದವರ ಮುಂದೆ ಆಡಿದ ಮಾತು. ಆಡಿದ ಹಾಗೇ ಬರೆದಿದ್ದೇನೆ, ಮತ್ತೆ ಮತ್ತೆ ಬಂದದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೇರವಾಗಿ ಒಂದು ಚೀಟಿಯಿಂದಲೇ ಶುರು ಮಾಡೋಣ. ಇದು ಯಾವ ರೋಗಿಯದೂ ಅಲ್ಲ. ವರ್ಷಗಟ್ಟಲೆ ನನ್ನ ಮೇಜಿನ ಮೇಲೆ ಬಂದ ಚೀಟಿಗಳಲ್ಲಿ ಕಂಡ ಸಂಗತಿಗಳನ್ನು ಸೇರಿಸಿ ಇವತ್ತಿಗಾಗಿ ಕಟ್ಟಿದ್ದು. ಅಕ್ಷರ ಅಚ್ಚಿನದು, ಆದರೆ ಯಾವ ಪದ ಎಲ್ಲಿ ಕೂತಿದೆ ಅನ್ನೋದನ್ನು ಕೈಬರಹದಲ್ಲಿ ಇರುವ ಹಾಗೇ ಇಟ್ಟಿದ್ದೇನೆ.

```
58/F   k/c/o RA x 10 yrs, HTN
c/o SOB x 3/7. No CP / palp / PND
O/E  PR 104   SpO2 93% RA
     RS: creps L base
Imp: ?LRTI   r/o CCF
Adv: Echo
     T. MTX 7.5 mg q wk
                          hold
     T. Pred 10 mg OD
     Inj. Reg insulin 6U s/c stat
```

ಇದನ್ನು ಬೇರೆ ಪಾಳಿಯ ನರ್ಸ್, ಬೇರೆ ವಿಭಾಗದ ವೈದ್ಯರು, ಔಷಧಿ ಕೊಡುವವರು ಎಲ್ಲರೂ ಓದುವ ಹಾಗೆ ಬಿಡಿಸಿ ಬರೆಯಬೇಕು. ನಮ್ಮ ಕೆಲಸ ಇಷ್ಟೇ. ಆದರೆ ಒಂದು ಕಟ್ಟುನಿಟ್ಟು ಇದೆ. ವೈದ್ಯರು ಹೇಳಿದ್ದಕ್ಕಿಂತ ಜಾಸ್ತಿ ಹೇಳಬಾರದು, ಕಡಿಮೆಯೂ ಹೇಳಬಾರದು, ಅವರು ಅನುಮಾನದಲ್ಲಿ ಬಿಟ್ಟದ್ದನ್ನು ನಾವು ಖಚಿತ ಮಾಡಬಾರದು.

ಮೊದಲ ಸಾಲು ನೋಡಿ. ಆರ್‌ಎ. ಹತ್ತು ವರ್ಷದಿಂದ ಇರುವ ಕಾಯಿಲೆ ಅಂತ ಇದೆ. ಮೂರನೇ ಸಾಲಿನಲ್ಲೂ ಆರ್‌ಎ ಇದೆ, ಆಮ್ಲಜನಕದ ಶೇಕಡಾವಾರಿನ ಪಕ್ಕದಲ್ಲಿ. ಮರುದಿನ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ವರದಿ ಬರುತ್ತೆ, ಅದರಲ್ಲಿ `RA, RV normal` ಅಂತ ಇರುತ್ತೆ. ಒಬ್ಬರೇ ರೋಗಿಯ ಕಡತದಲ್ಲಿ ಒಂದೇ ಎರಡಕ್ಷರ ಮೂರು ಸಲ ಬಂತು, ಮೂರು ಸಲವೂ ಬೇರೆ ಅರ್ಥ. ಮೊದಲನೆಯದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿಕೊಳ್ಳುವ ಸಂಧಿವಾತ. ಎರಡನೆಯದು ರೂಮ್ ಏರ್, ಅಂದರೆ ಆಮ್ಲಜನಕ ಹಾಕದೆ, ಸುತ್ತಲಿನ ಗಾಳಿಯನ್ನೇ ಉಸಿರಾಡುತ್ತಿದ್ದಾಗ ತೆಗೆದ ಅಳತೆ. ಮೂರನೆಯದು ರೈಟ್ ಏಟ್ರಿಯಮ್, ಹೃದಯದ ಬಲ ಮೇಲಿನ ಕೋಣೆ.

ಪಟ್ಟಿ ಇಟ್ಟುಕೊಂಡು ಒಂದು ಕಡೆಯಿಂದ ಬದಲಾಯಿಸುತ್ತಾ ಹೋದರೆ ಏನಾಗುತ್ತೆ ಅಂತ ಈಗ ಗೊತ್ತಾಗುತ್ತೆ ಅಲ್ವಾ? 93 ಪರ್ಸೆಂಟ್ ಪಕ್ಕದಲ್ಲಿ ಸಂಧಿವಾತ ಬಂದು ಕೂರುತ್ತೆ. ಓದುವವರು ಏನೋ ತಪ್ಪಾಗಿದೆ ಅಂತ ಆ ಪದ ಬಿಟ್ಟು ಮುಂದೆ ಹೋಗುತ್ತಾರೆ. ಆಗ ಕಳೆದುಹೋಗುವುದು ಒಂದು ಪದ ಮಾತ್ರ ಅಲ್ಲ. ಆಮ್ಲಜನಕ ಹಾಕಿದ್ದಾಗ 93 ಬಂದರೆ ಒಂದು ಸ್ಥಿತಿ, ಹಾಕದೆ ಬಂದರೆ ಬೇರೆ ಸ್ಥಿತಿ. ಆ ವ್ಯತ್ಯಾಸ ತಿಳಿಸುವ ಏಕೈಕ ಗುರುತು ಆ ಎರಡಕ್ಷರ.

ಹಾಗಾದರೆ ತೀರ್ಮಾನ ಮಾಡೋದು ಹೇಗೆ? ಸಂಕ್ಷೇಪವನ್ನು ಒಂಟಿಯಾಗಿ ನೋಡಬೇಡಿ, ಅದು ಕೂತಿರುವ ಜಾಗ ನೋಡಿ. `k/c/o` ಅಂದರೆ ಮೊದಲೇ ಗೊತ್ತಿರುವ ಕಾಯಿಲೆ, ಅದಾದಮೇಲೆ ಬಂದದ್ದು ಕಾಯಿಲೆಯ ಹೆಸರೇ ಆಗಿರಬೇಕು. ಅಳತೆಯ ಬೆನ್ನಿಗೆ ಬಂದದ್ದು ಅಳತೆ ತೆಗೆದ ಸ್ಥಿತಿ. ಎಕೋ ವರದಿಯಲ್ಲಿ ಆರ್‌ವಿ, ಅಂದರೆ ಹೃದಯದ ಬಲ ಕೆಳಗಿನ ಕೋಣೆಯ ಜೊತೆಗೆ ಬಂದದ್ದು ಹೃದಯದ ಕೋಣೆ. ಆಮೇಲೆ ಅದೇ ಪುಟದಲ್ಲಿ ಎರಡನೇ ಸಾಕ್ಷಿ ಹುಡುಕಿ. ಇಲ್ಲಿ ಕೆಳಗೆ ಎಂಟಿಎಕ್ಸ್ ಇದೆ, ವಾರಕ್ಕೊಮ್ಮೆ 7.5 ಮಿಲಿಗ್ರಾಂ. ಅದು ಮೆಥೊಟ್ರೆಕ್ಸೇಟ್ ಆದರೆ ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಔಷಧಿ, ಪ್ರಮಾಣವೂ ಹೊಂದುತ್ತೆ. ಮೈಟೊಕ್ಸಾಂಟ್ರೋನ್ ಅನ್ನೋ ಕ್ಯಾನ್ಸರ್ ಔಷಧಿಯನ್ನೂ ಕೆಲವರು ಎಂಟಿಎಕ್ಸ್ ಅಂತ ಚುಟುಕಾಗಿ ಬರೆದದ್ದುಂಟು, ಆದರೆ ಅದು ಇಂಜೆಕ್ಷನ್ ರೂಪದಲ್ಲೇ ಕೊಡುವಂಥದ್ದು, ಇಲ್ಲಿ ಮುಂದೆ `T.` ಇದೆ, ಅಂದರೆ ಮಾತ್ರೆ. ಹೀಗೆ ಕಾಯಿಲೆ ಔಷಧಿಯನ್ನು ಎತ್ತಿ ಹಿಡಿಯುತ್ತೆ, ಔಷಧಿ ಕಾಯಿಲೆಯನ್ನು ಎತ್ತಿ ಹಿಡಿಯುತ್ತೆ, ಮಾತ್ರೆ ಅನ್ನುವ ಗುರುತು ಎರಡಕ್ಕೂ ಆಸರೆ. ಇಷ್ಟು ಸಿಕ್ಕಾಗ ಧೈರ್ಯವಾಗಿ ಬಿಡಿಸಿ ಬರೆಯಬಹುದು.

ಆದರೆ ಬಿಡಿಸಿದ ಮೇಲೆ ಒಂದು ಹೆಜ್ಜೆ ಮುಂದೆ ಹೋಗಬೇಡಿ. ಸಂಧಿವಾತದಲ್ಲಿ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಸಿಗುವ ಬಗೆ ಇದೆ, ಸಿಗದ ಬಗೆಯೂ ಇದೆ. ಕಾಯಿಲೆಗಳ ಸಂಕೇತ ಪಟ್ಟಿಯಾದ ಐಸಿಡಿ-10ರಲ್ಲಿ ಅವಕ್ಕೆ ಬೇರೆ ಬೇರೆ ಸಂಖ್ಯೆ ಇದೆ. ಚೀಟಿಯಲ್ಲಿ ಬರೀ ಆರ್‌ಎ ಇದ್ದರೆ ಬಗೆ ಹೇಳದ ಸಂಧಿವಾತಕ್ಕಿರುವ `M06.9` ಸರಿ. ರೂಢಿಯಲ್ಲಿ ಫ್ಯಾಕ್ಟರ್ ಸಿಗುವವರೇ ಜಾಸ್ತಿ ಅಂತ `M05` ಹಾಕಿದರೆ, ಯಾರೂ ಹೇಳದ ರಕ್ತ ಪರೀಕ್ಷೆಯ ಫಲಿತಾಂಶವನ್ನು ನಾವು ಬರೆದ ಹಾಗಾಯಿತು. "ಹತ್ತು ವರ್ಷದಿಂದ" ಅನ್ನೋದನ್ನೂ ಹಾಗೇ ಬಿಡಿ. ಲೆಕ್ಕ ಹಾಕಿ ಇಸವಿ ಬರೆಯಲು ಹೋಗಬೇಡಿ. ರೋಗಿ ಹೇಳಿದ ಹತ್ತು ವರ್ಷ ಸುಮಾರಿನ ಲೆಕ್ಕ, ಇಸವಿ ಬರೆದ ತಕ್ಷಣ ಅದು ಖಚಿತ ಅನ್ನಿಸುತ್ತೆ.

ಎರಡನೇ ಸಾಲು. ಎಸ್‌ಒಬಿ ಅಂದರೆ ಉಸಿರಾಟದ ತೊಂದರೆ, ಅದರಲ್ಲಿ ಗೊಂದಲ ಇಲ್ಲ. ಅದರ ಪಕ್ಕ `3/7` ಇದೆ. ಇದು ಹೊಸಬರನ್ನು ತುಂಬಾ ಕಾಡುತ್ತೆ. ದಿನಾಂಕ ಅಲ್ಲ, ಏಳರಲ್ಲಿ ಮೂರು ಅಂತಲೂ ಅಲ್ಲ. ಬ್ರಿಟಿಷ್ ಪದ್ಧತಿಯಲ್ಲಿ ಕಲಿತ ವೈದ್ಯರು ಕೆಳಗೆ 7 ಹಾಕಿದರೆ ದಿನ, 52 ಹಾಕಿದರೆ ವಾರ, 12 ಹಾಕಿದರೆ ತಿಂಗಳು. ಅಂದರೆ `3/7` ಮೂರು ದಿನ, `3/52` ಮೂರು ವಾರ, `3/12` ಮೂರು ತಿಂಗಳು. ಮೂರು ದಿನದ ಉಸಿರಾಟದ ತೊಂದರೆಗೂ ಮೂರು ತಿಂಗಳದ್ದಕ್ಕೂ ವೈದ್ಯರು ಯೋಚಿಸುವ ಕಾರಣಗಳೇ ಬೇರೆ. ಇದನ್ನು ಜುಲೈ 3 ಅಂತಲೋ ಮಾರ್ಚ್ 7 ಅಂತಲೋ ಓದಿದರೆ ರೋಗದ ಕಥೆಯೇ ತಿರುಗಿಹೋಗುತ್ತೆ.

ಅದೇ ಸಾಲಿನಲ್ಲಿ ಒಂದು "ನೋ" ಇದೆ. ಎದೆನೋವು, ಎದೆಬಡಿತ, ಪಿಎನ್‌ಡಿ, ಮೂರಕ್ಕೂ ಸೇರಿ ಒಂದೇ ನೋ. ಕಾಗದದ ಮೇಲೆ ಒಂದೇ ಸಾಲಿನಲ್ಲಿ ಇರುವವರೆಗೆ ತೊಂದರೆ ಇಲ್ಲ. ಕಂಪ್ಯೂಟರಿನ ಫಾರ್ಮ್‌ನಲ್ಲಿ ಒಂದೊಂದು ಲಕ್ಷಣಕ್ಕೂ ಒಂದೊಂದು ಖಾನೆ ಇರುತ್ತಲ್ಲ, ಅಲ್ಲಿ ಬಿಡಿಸಿ ಹಾಕುವಾಗ ಮೊದಲನೆಯದಕ್ಕೆ ಇಲ್ಲ ಅಂತ ಬರೆದು, ಉಳಿದೆರಡಕ್ಕೆ ಬರೀ ಹೆಸರು ಹಾಕಿಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಗ ರೋಗಿಗೆ ಎದೆಬಡಿತ ಇದೆ ಅಂತ ಆಗುತ್ತೆ. ಆದ್ದರಿಂದ ಬಿಡಿಸುವಾಗ ಪ್ರತಿಯೊಂದಕ್ಕೂ ಇಲ್ಲ ಅನ್ನುವ ಪದವನ್ನು ಮತ್ತೆ ಬರೆಯಿರಿ: ಎದೆನೋವು ಇಲ್ಲ, ಎದೆಬಡಿತ ಇಲ್ಲ, ರಾತ್ರಿ ಉಸಿರು ಕಟ್ಟಿ ಏಳುವುದು ಇಲ್ಲ. ಓರೆ ಗೆರೆಯ ಬದಲು ಪೂರ್ಣವಿರಾಮ ಇದ್ದು, ನೋ ಎಲ್ಲಿಯವರೆಗೆ ಅಂತ ಗೊತ್ತಾಗದಿದ್ದರೆ ಅದು ಕೇಳಬೇಕಾದ ಪ್ರಶ್ನೆ.

ಪಿಎನ್‌ಡಿ ಅಂದರೆ ರಾತ್ರಿ ಉಸಿರು ಕಟ್ಟಿ ಏಳುವುದು ಅಂತ ನಾನು ಹೇಗೆ ಹೇಳಿದೆ? ಮೂಗಿನಿಂದ ಗಂಟಲಿಗೆ ಸಿಂಬಳ ಇಳಿಯುವುದಕ್ಕೂ ಪಿಎನ್‌ಡಿ ಅಂತಲೇ ಬರೆಯುತ್ತಾರೆ. ಇಲ್ಲಿ ಎದೆನೋವು, ಎದೆಬಡಿತದ ಜೊತೆ ಬಂದಿದೆ, ಕೆಳಗೆ `CCF`, ಅಂದರೆ ಹೃದಯ ವೈಫಲ್ಯದ ಯೋಚನೆ ಇದೆ, ಹಾಗಾಗಿ ಹೃದಯದ ಕಡೆಯ ಅರ್ಥ. ಕಿವಿ ಮೂಗು ಗಂಟಲು ವಿಭಾಗದ ಚೀಟಿಯಲ್ಲಿ ಇದ್ದಿದ್ದರೆ ಅರ್ಥ ಬೇರೆ. ಅದಕ್ಕೇ ನಮ್ಮ ಸಂಕ್ಷೇಪ ಪಟ್ಟಿಯಲ್ಲಿ ಪದದ ಎದುರು ಅರ್ಥ ಮಾತ್ರ ಬರೆದಿಟ್ಟರೆ ಸಾಲದು. ಯಾವ ವಿಭಾಗ, ಚೀಟಿಯ ಯಾವ ಭಾಗ ಅನ್ನುವ ಎರಡು ಖಾನೆ ಬೇಕೇ ಬೇಕು.

ಈಗ ಐದನೇ ಸಾಲು. ನನಗೆ ಇದರ ಬಗ್ಗೆ ಜಾಸ್ತಿ ಹೇಳಬೇಕಿದೆ.

ಎಲ್‌ಆರ್‌ಟಿಐ ಮುಂದೆ ಒಂದು ಪ್ರಶ್ನೆ ಚಿಹ್ನೆ ಇದೆ. ಆ ಚಿಹ್ನೆಯೂ ಸಂಕ್ಷೇಪವೇ. "ಇರಬಹುದು, ಖಚಿತ ಇಲ್ಲ" ಅನ್ನೋದರ ಚುಟುಕು ಅದು. ಎಲ್‌ಆರ್‌ಟಿಐ ಅನ್ನು ಶ್ವಾಸಮಾರ್ಗದ ಕೆಳಭಾಗದ ಸೋಂಕು ಅಂತ ಚೆನ್ನಾಗಿ ಬಿಡಿಸಿ, ಪ್ರಶ್ನೆ ಚಿಹ್ನೆ ಬಿಟ್ಟರೆ, ಅನುಮಾನ ಹೋಗಿ ರೋಗನಿರ್ಣಯ ಆಗಿಬಿಡುತ್ತೆ. ಮುಂದಿನ ಸಲ ಬಂದಾಗ ಅದು "ಹಿಂದೆ ಇದ್ದ ಕಾಯಿಲೆ" ಅಂತ ಇನ್ನೊಂದು ಪುಟಕ್ಕೆ ಹೋಗುತ್ತೆ. "ಅನುಮಾನ: ಶ್ವಾಸಮಾರ್ಗದ ಕೆಳಭಾಗದ ಸೋಂಕು" ಅಂತಲೇ ಬರೆಯಬೇಕು. ನ್ಯುಮೋನಿಯಾ ಅಂತ ಬರೆಯಬಾರದು, ಅವರು ಹಾಗೆ ಬರೆದಿಲ್ಲ.

ಅದರ ಪಕ್ಕದ `r/o` ಇನ್ನೂ ಕಷ್ಟದ್ದು. ಅದಕ್ಕೆ ಎರಡು ಅರ್ಥ. "ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು" ಅನ್ನೋದು ಒಂದು, "ಇಲ್ಲ ಅಂತ ಖಚಿತ ಆಯಿತು" ಅನ್ನೋದು ಇನ್ನೊಂದು. ಒಂದರಲ್ಲಿ ಹೃದಯ ವೈಫಲ್ಯದ ಭಯ ಇನ್ನೂ ಇದೆ, ಇನ್ನೊಂದರಲ್ಲಿ ಮುಗಿದಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನೇ ತಪ್ಪು ಬಿಡಿಸಿದ್ದೆ. ಖಚಿತ ಆಯಿತು ಅಂತ ಬರೆದೆ. ಬೆಳಿಗ್ಗೆ ಪಾಳಿಯ ಸಿಸ್ಟರ್ ಕಡತ ಹಿಡಿದುಕೊಂಡು ಬಂದು, "ಇಲ್ಲ ಅಂತ ಆಗಿದ್ದರೆ ಎಕೋ ಯಾಕೆ ಬರೆದಿದ್ದಾರೆ?" ಅಂತ ಕೇಳಿದರು. ಪರೀಕ್ಷೆಗೆ ಕಳಿಸಬೇಕೋ ಬೇಡವೋ ಅಂತ ಅವರು ನಿಂತುಬಿಟ್ಟಿದ್ದರು. ಅವರು ಕೇಳಿದ್ದರಿಂದ ರೋಗಿಗೆ ಏನೂ ಆಗಲಿಲ್ಲ. ಆ ಪ್ರಶ್ನೆ ನನ್ನಲ್ಲಿ ಹಾಗೇ ಉಳಿದಿದೆ, ಯಾಕಂದರೆ ಉತ್ತರ ಅದೇ ಪುಟದಲ್ಲಿ, ಒಂದು ಸಾಲು ಕೆಳಗೆ ಇತ್ತು. ಎಕೋ ಇನ್ನೂ ಆಗಬೇಕು ಅಂದಮೇಲೆ ಖಚಿತ ಆಗಿರಲು ಸಾಧ್ಯವಿಲ್ಲ. ಅಲ್ಲಿಂದ ಮುಂದೆ ನಾನು ಸಂಕ್ಷೇಪ ಬಿಡಿಸುವ ಮುಂಚೆ ಪೂರ್ತಿ ಪುಟ ಓದುತ್ತೇನೆ, ಸಲಹೆಯ ಭಾಗವನ್ನು ಮೊದಲು.

ಇನ್ನು ಇನ್ಸುಲಿನ್. `6U` ಅಂತ ಇದೆ. ಪೆನ್ನಿನಲ್ಲಿ ಬರೆದ U ಮೇಲುಗಡೆ ಸ್ವಲ್ಪ ಮುಚ್ಚಿಕೊಂಡರೆ ಸೊನ್ನೆ. 6 ಯೂನಿಟ್ 60 ಆಗುತ್ತೆ, ಹತ್ತು ಪಟ್ಟು. ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಲೇಬಾರದ ಸಂಕ್ಷೇಪಗಳ ಒಂದು ಚಿಕ್ಕ ಪಟ್ಟಿ ಮಾಡಿತು, ಅದರಲ್ಲಿ U ಇದೆ. ದಶಾಂಶದ ಆಚೆ ಸುಮ್ನೆ ಬರೆಯುವ ಸೊನ್ನೆಯೂ ಇದೆ, ಯಾಕಂದರೆ `5.0` ದಲ್ಲಿ ಚುಕ್ಕಿ ಮಾಸಿದರೆ 50. ದಶಾಂಶದ ಮುಂಚೆ ಸೊನ್ನೆ ಬಿಡುವುದೂ ಇದೆ, `.5` ದಲ್ಲಿ ಚುಕ್ಕಿ ಕಾಣದಿದ್ದರೆ 5. ಹಾಗಾಗಿ ಶುದ್ಧ ಪ್ರತಿಯಲ್ಲಿ 6 ಬರೆದು, ಜಾಗ ಬಿಟ್ಟು, ಯೂನಿಟ್ ಅಂತ ಪೂರ್ತಿ ಪದ ಬರೆಯಿರಿ. ಇದು ಬರೆಯುವ ರೀತಿಯನ್ನು ಸರಿಮಾಡುವುದು, ಅರ್ಥ ಅಲ್ಲಾಡುವುದಿಲ್ಲ.

ಆದರೆ ಅದು U ನೋ ಸೊನ್ನೆಯೋ ಅಂತ ನಿಜವಾಗಿ ಗೊತ್ತಾಗದಿದ್ದರೆ? "60 ಯೂನಿಟ್ ಯಾರು ಕೊಡ್ತಾರೆ, 6 ಇರಬೇಕು" ಅಂತ ಬರೆಯುವುದು ಸರಿಯಲ್ಲ. ಹೆಚ್ಚು ಪ್ರಮಾಣ ಬೇಕಾಗುವ ರೋಗಿಗಳೂ ಇರುತ್ತಾರೆ. ಪ್ರಮಾಣ ಎಷ್ಟಿರಬೇಕು ಅಂತ ಊಹಿಸುವುದು ನಮ್ಮ ಕೆಲಸ ಅಲ್ಲ. ಅದೇ ವೈದ್ಯರು ಅದೇ ಪುಟದಲ್ಲಿ ಬರೆದ ಬೇರೆ ಸೊನ್ನೆ ನೋಡಿ. ನಮ್ಮ ಚೀಟಿಯಲ್ಲಿ 104 ಇದೆ, 10 ಇದೆ. ಆ ಸೊನ್ನೆಗಳ ಹಾಗಿದೆಯಾ ಈ ಅಕ್ಷರ? ಹೊಂದಿದರೂ, ಹೊಂದದಿದ್ದರೂ, ಇನ್ಸುಲಿನ್ ವಿಷಯದಲ್ಲಿ ಫೋನ್ ಮಾಡಿ ಕೇಳಿಯೇ ಬರೆಯಿರಿ. ಮೇಲಾಗಿ ಇಲ್ಲಿ ತಕ್ಷಣ ಕೊಡಿ ಅಂತ ಇದೆ, ಹಾಗಾಗಿ ಕೇಳುವುದೂ ತಕ್ಷಣ ಆಗಬೇಕು.

ಇನ್ನೊಂದು ಗಮನಿಸಿದಿರಾ? ಇನ್ಸುಲಿನ್ ಇದೆ, ಆದರೆ ಮೊದಲ ಸಾಲಿನಲ್ಲಿ ಸಕ್ಕರೆ ಕಾಯಿಲೆ ಇಲ್ಲ. ಮರೆತಿದ್ದಾರೆ ಅನ್ನಿಸಿ ಅದನ್ನು ಸೇರಿಸಲು ಕೈ ಮುಂದಾಗುತ್ತೆ. ಸೇರಿಸಬೇಡಿ. ಈ ರೋಗಿ ಪ್ರೆಡ್ ತಗೊಳ್ಳುತ್ತಿದ್ದಾರೆ, ಅದು ಸ್ಟೀರಾಯ್ಡ್, ಸ್ಟೀರಾಯ್ಡ್‌ನಿಂದ ರಕ್ತದಲ್ಲಿ ಸಕ್ಕರೆ ಏರಬಹುದು. ಹಳೆಯ ಸಕ್ಕರೆ ಕಾಯಿಲೆ ಇದ್ದು ಬರೆಯಲು ಮರೆತಿರಲೂಬಹುದು. ಎರಡರಲ್ಲಿ ಯಾವುದು ಅಂತ ಹೇಳುವುದು ವೈದ್ಯರು ಮಾತ್ರ. ನಾವು ಬಿಡಿಸುವವರು, ತುಂಬುವವರಲ್ಲ.

ಪ್ರೆಡ್ ಮುಂದಿನ ಒಡಿ ದಿನಕ್ಕೊಮ್ಮೆ ಅಂತ, ಅನುಮಾನ ಬೇಡ, ಮಾತ್ರೆ ಅದು. ಪ್ರೆಡ್ ಅನ್ನೋದೇ ಪ್ರೆಡ್ನಿಸೋನ್ ಆಗಬಹುದು, ಪ್ರೆಡ್ನಿಸೊಲೋನ್ ಆಗಬಹುದು. ಅದಕ್ಕೆ ಹಿಂದಿನ ಔಷಧಿ ಚೀಟಿ ನೋಡಬೇಕು. ಆದರೆ ಇದೇ ಒಡಿ ಕಣ್ಣಿನ ಹನಿಯ ಎದುರು ಬಂದರೆ ನಿಲ್ಲಿ. `Timolol e/d 1 drop OD` ಅಂತ ಇದೆ ಅಂದುಕೊಳ್ಳಿ. ಕಣ್ಣಿನ ವೈದ್ಯರಿಗೆ ಒಡಿ ಅಂದರೆ ಬಲಗಣ್ಣು, ಲ್ಯಾಟಿನ್‌ನಿಂದ ಬಂದದ್ದು. ಬಲಗಣ್ಣು ಅಂತ ಓದಿದರೆ ದಿನಕ್ಕೆ ಎಷ್ಟು ಸಲ ಅನ್ನೋದು ಇಲ್ಲ. ದಿನಕ್ಕೊಮ್ಮೆ ಅಂತ ಓದಿದರೆ ಯಾವ ಕಣ್ಣು ಅನ್ನೋದು ಇಲ್ಲ. ಯಾವ ಕಡೆಯಿಂದ ಬಿಡಿಸಿದರೂ ಒಂದು ಮಾಹಿತಿ ಕಡಿಮೆ ಬೀಳುತ್ತೆ. ಹೀಗೆ ಎರಡೂ ಅರ್ಥದಲ್ಲಿ ವಾಕ್ಯ ಅರ್ಧಕ್ಕೇ ನಿಂತರೆ, ಅದನ್ನು ಪಟ್ಟಿಯಿಂದ ಬಿಡಿಸಲು ಆಗುವುದಿಲ್ಲ ಅಂತಲೇ ತಿಳಿಯಿರಿ.

ಮೆಥೊಟ್ರೆಕ್ಸೇಟ್ ಸಾಲಿಗೆ ಬರೋಣ. `q wk` ವಾರಕ್ಕೊಮ್ಮೆ. ಇದನ್ನು ಯಾರಾದರೂ ದಿನಕ್ಕೊಮ್ಮೆ ಅಂತ ಬರೆದರೆ ಜೀವಕ್ಕೇ ಅಪಾಯ, ಈ ಔಷಧಿಯಲ್ಲಿ ಅಂಥ ತಪ್ಪಿನಿಂದ ಜನ ಸತ್ತಿದ್ದಾರೆ. "ವಾರಕ್ಕೆ ಒಂದು ಸಲ ಮಾತ್ರ" ಅಂತ ಅಕ್ಷರದಲ್ಲೇ ಬರೆಯಿರಿ. ವಾರದ ಯಾವ ದಿನ ಅಂತ ಚೀಟಿಯಲ್ಲಿ ಇಲ್ಲ, ಹಾಗಾಗಿ ಸೋಮವಾರ ಅಂತ ನಾವು ಹಾಕುವಂತಿಲ್ಲ. ಪ್ರಮಾಣ ಸರಿ ಓದಿದ್ದೇವಾ ಅಂತ ನೋಡಲು ಒಂದು ದಾರಿ ಇದೆ. ಮಾತ್ರೆ 2.5 ಮಿಲಿಗ್ರಾಂನದಾದರೆ 7.5 ಅಂದರೆ ಮೂರು ಮಾತ್ರೆ. ಚುಕ್ಕಿ ಕಾಣದೆ 75 ಅಂತ ಓದಿದರೆ ಮೂವತ್ತು ಮಾತ್ರೆ ಆಗುತ್ತೆ, ಓದು ತಪ್ಪಿದೆ ಅನ್ನೋದು ಆಗಲೇ ಗೊತ್ತಾಗುತ್ತೆ. ಆದರೆ ಆ ಲೆಕ್ಕದಿಂದ ನಮಗೆ ಅನುಮಾನ ಬರಬೇಕು ಅಷ್ಟೇ, ಉತ್ತರ ಬರೆಯುವಂತಿಲ್ಲ.

ಕೊನೆಗೆ ಆ ಹೋಲ್ಡ್. ಚೀಟಿಯನ್ನು ಮತ್ತೆ ನೋಡಿ. ಅದು ಮೆಥೊಟ್ರೆಕ್ಸೇಟ್ ಸಾಲಿನಲ್ಲೂ ಇಲ್ಲ, ಪ್ರೆಡ್ ಸಾಲಿನಲ್ಲೂ ಇಲ್ಲ. ಎರಡರ ನಡುವೆ, ಬಲಗಡೆ ಇದೆ. ಇದು ನಾನು ಕಟ್ಟಿದ್ದಲ್ಲ, ಹೀಗೇ ಬರೆದ ಚೀಟಿ ನನ್ನ ಕೈಗೆ ಬಂದಿತ್ತು.

ಮೊದಲು ಆ ಪದ. ಹೋಲ್ಡ್ ಅಂದರೆ ಸದ್ಯಕ್ಕೆ ಕೊಡಬೇಡಿ, ಮತ್ತೆ ಶುರು ಮಾಡುವ ಬಗ್ಗೆ ಆಮೇಲೆ ನೋಡೋಣ ಅಂತ. "ನಿಲ್ಲಿಸಲಾಗಿದೆ" ಅಂತ ಬರೆದರೆ ಔಷಧಿ ಪಟ್ಟಿಯಿಂದಲೇ ಹೋಗುತ್ತೆ, ಮತ್ತೆ ಶುರು ಮಾಡಲು ಯಾರಿಗೂ ನೆನಪಾಗುವುದಿಲ್ಲ. "ಸದ್ಯಕ್ಕೆ ತಡೆಹಿಡಿಯಲಾಗಿದೆ" ಅಂತ ಬರೆಯಿರಿ. ಸೋಂಕಿನ ಅನುಮಾನದಿಂದ ತಡೆದಿರಬೇಕು ಅಂತ ನಮಗೆ ಅನ್ನಿಸಬಹುದು, ಅದು ಸರಿಯೂ ಇರಬಹುದು, ಆದರೆ ಕಾರಣ ಚೀಟಿಯಲ್ಲಿ ಇಲ್ಲ, ನಾವು ಬರೆಯಬಾರದು.

ಈಗ ಯಾವ ಔಷಧಿಗೆ? ಮೆಥೊಟ್ರೆಕ್ಸೇಟ್ ಒಂದಕ್ಕೇ ಇರಬಹುದು, ಎರಡಕ್ಕೂ ಇರಬಹುದು. ತುಂಬಾ ದಿನದಿಂದ ಸ್ಟೀರಾಯ್ಡ್ ತಗೊಳ್ಳುತ್ತಿರುವವರಿಗೆ ಅದನ್ನು ಹಠಾತ್ತಾಗಿ ನಿಲ್ಲಿಸಿದರೆ ದೇಹ ತನ್ನ ಪಾಲಿನ ಸ್ಟೀರಾಯ್ಡ್ ಮಾಡಿಕೊಳ್ಳಲಾಗದೆ ರಕ್ತದೊತ್ತಡ ಕುಸಿಯುವಷ್ಟು ಆಗಬಹುದು. ಹಾಗಂತ ಪ್ರೆಡ್ ಮುಂದುವರಿಸಿ ಅಂತ ನಾವೇ ಬರೆದುಬಿಡುವಂತೆಯೂ ಇಲ್ಲ.

ಕೇಳಬೇಕು. ಕೇಳುವ ರೀತಿಯೂ ಮುಖ್ಯ. "ಸರ್, ಹೋಲ್ಡ್ ಮೆಥೊಟ್ರೆಕ್ಸೇಟ್‌ಗೆ ತಾನೇ?" ಅಂತ ಕೇಳಿದರೆ ಅವಸರದಲ್ಲಿರುವವರು ಹೂಂ ಅಂದುಬಿಡುತ್ತಾರೆ, ಅದು ನಮ್ಮ ಊಹೆಗೆ ಅವರ ಮುದ್ರೆ ಒತ್ತಿಸಿಕೊಂಡ ಹಾಗೆ. ನಾನು ಕೇಳಿದ್ದು ಹೀಗೆ: "ಮೇಡಂ, ಹೋಲ್ಡ್ ಅನ್ನೋದು ಎರಡು ಸಾಲಿನ ನಡುವೆ ಇದೆ. ಯಾವುದಕ್ಕೆ ಅಂತ ಹೇಳ್ತೀರಾ?" ಅವರು ಒಂದು ಕ್ಷಣ ಸುಮ್ಮನಿದ್ದು, "ಮೆಥೊಟ್ರೆಕ್ಸೇಟ್ ಮಾತ್ರ, ಪ್ರೆಡ್ನಿಸೊಲೋನ್ ಹಾಗೇ ಮುಂದುವರಿಯಲಿ" ಅಂದರು. ನಾನು ಎರಡು ಹೆಸರನ್ನೂ ಪೂರ್ತಿಯಾಗಿ ತಿರುಗಿ ಓದಿ ಹೇಳಿದೆ, ಅವರು ಸರಿ ಅಂದಮೇಲೆ ಬರೆದೆ. ಒಂದೇ ಪ್ರಶ್ನೆಯಲ್ಲಿ ಪ್ರೆಡ್ ಅಂದರೆ ಯಾವುದು ಅನ್ನೋದೂ ಸಿಕ್ಕಿತು.

ಹಾಗೆ ಸಿಕ್ಕ ಉತ್ತರವನ್ನು ಹಳೆಯ ಚೀಟಿಯ ಮೇಲೆ ತಿದ್ದಬೇಡಿ. ಚೀಟಿಯ ಚಿತ್ರ ಇದ್ದ ಹಾಗೇ ಕಡತದಲ್ಲಿ ಇರಬೇಕು. ಶುದ್ಧ ಪ್ರತಿ ಅದರ ಪಕ್ಕದಲ್ಲಿ, ಕೇಳಿ ತಿಳಿದುಕೊಂಡದ್ದಕ್ಕೆ ಬೇರೆ ಗುರುತು, ಯಾರನ್ನು ಕೇಳಿದ್ದು, ಯಾವ ದಿನ, ಎಷ್ಟು ಗಂಟೆಗೆ, ಕೆಳಗೆ ಆ ವೈದ್ಯರ ಸಹಿ. ಕೇಳಲು ಸಿಗಲಿಲ್ಲ ಅಂದರೆ ಸಂಕ್ಷೇಪವನ್ನು ಮೂಲದಲ್ಲಿ ಇದ್ದ ಹಾಗೇ ಇಳಿಸಿ, "ಬಿಡಿಸಿಲ್ಲ, ಕೇಳಬೇಕು" ಅಂತ ಎದ್ದು ಕಾಣುವ ಹಾಗೆ ಬರೆದು, ಪಾಳಿ ಬದಲಾಗುವಾಗ ಮುಂದಿನವರ ಕೈಗೆ ಕೊಟ್ಟು ಹೋಗಿ. ಆ ದಿನದ ಕಡತದಲ್ಲಿ ಈಗಲೂ ಹೋಲ್ಡ್ ಅನ್ನೋದು ಎರಡು ಸಾಲಿನ ನಡುವೆಯೇ ಇದೆ. ಪಕ್ಕದ ಪ್ರತಿಯಲ್ಲಿ ಅದು ಮೆಥೊಟ್ರೆಕ್ಸೇಟ್ ಸಾಲಿನಲ್ಲಿದೆ, ಕೆಳಗೆ ಮೇಡಂ ಅವರ ಸಹಿ ಇದೆ.